ಕಡಿತಕ್ಕೆ ಎಮ್ಮೆ, ಬಟವಾಡೆಗೆ ಹಸು

ಸೀಗೆಹಳ್ಳದ ಸಿದ್ದಾಜಮ್ಮನಿಗೆ ಹಾಲಿನ ಸಂಘ ಕೊಡಬೇಕಾದದ್ದು ಹದಿನಾಲ್ಕು ಸಾವಿರದ ಮುನ್ನೂರ ಎಂಬತ್ತಾರು ರೂಪಾಯಿ. ಆರು ತಿಂಗಳಿಂದ ಎಲ್ಲರೂ ಒಪ್ಪುತ್ತಿದ್ದಾರೆ, ಯಾರೂ ಕೊಡುತ್ತಿಲ್ಲ. ಇದನ್ನು ಬರೆಯುವ ಹೊತ್ತಿಗೂ ಬಂದಿಲ್ಲ.

ಸೀಗೆಹಳ್ಳ ತಮಿಳು ಸೀಮೆಯ ಮಸಿನಗುಡಿಯಿಂದ ಒಳಕ್ಕೆ, ಕಾಡಿನ ಅಂಚಿನಲ್ಲಿರುವ ಐದು ಮನೆಗಳ ಹಾಡಿ. ಸಿದ್ದಾಜಮ್ಮನ ಗಂಡ ಪುಟ್ಟಯ್ಯನ ತಾತ ಗುಂಡ್ಲುಪೇಟೆ ಕಡೆಯಿಂದ ದನ ಹೊಡೆದುಕೊಂಡು ಬಂದು ಇಲ್ಲಿ ನಿಂತವನು. ಆಗ ಒಂದೊಂದು ಮನೆಗೆ ಮೂವತ್ತು ನಲವತ್ತು ದನ. ಹಾಲಿಗೆ ಅಲ್ಲ, ಸಗಣಿಗೆ. ಗೊಬ್ಬರ ಲಾರಿಯಲ್ಲಿ ಕೇರಳಕ್ಕೆ ಹೋಗುತ್ತಿತ್ತು. ಕಾಡಿಗೆ ದನ ಬಿಡುವುದು ನಿಂತ ಮೇಲೆ ದನ ಕರಗಿದವು. ಪುಟ್ಟಯ್ಯ ಒಂದು ರೆಸಾರ್ಟಿನಲ್ಲಿ ಕಾವಲಿಗೆ ನಿಂತ. ರೆಸಾರ್ಟಿಗೆ ಬೀಗ ಬಿದ್ದ ಮೇಲೆ ಮನೆಯಲ್ಲಿ ಕೂತ. ಐವತ್ತೆಂಟರ ಸಿದ್ದಾಜಮ್ಮ ಕೊಟ್ಟಿಗೆಯಲ್ಲಿ ಒಂದೇ ಒಂದು ಹಸು ಕಟ್ಟಿ, ಹಿಂಡಿ ಹಾಕಿ, ಹಾಲು ಹಾಕಿ ಮನೆ ನಡೆಸಿದಳು. ಹಸುವನ್ನು ಕಳೆದ ವರ್ಷ ಜೂನ್‌ನಲ್ಲಿ ಹುಲಿ ಹಿಡಿಯಿತು. ಅವಳು ಅತ್ತದ್ದನ್ನು ಯಾರೂ ನೋಡಲಿಲ್ಲ. ಮೂರನೇ ದಿನ ಸಂಘಕ್ಕೆ ಹೋಗಿ ಎಮ್ಮೆ ಸಾಲಕ್ಕೆ ಅರ್ಜಿ ಕೊಟ್ಟಳು. ಜುಲೈ ಕೊನೆಗೆ ತೊರಪಳ್ಳಿಯಿಂದ ಕರುವಿನ ಸಮೇತ ಎಮ್ಮೆ ಬಂತು. ಸಂಘದವರೇ ಅದರ ಕಿವಿಗೆ ಓಲೆ ಹೊಡೆದು ನಂಬರು ಬರೆದುಕೊಂಡು ವಿಮೆ ಮಾಡಿಸಿದರು. ಆಗಸ್ಟ್ ಒಂದರಿಂದ ಎಮ್ಮೆ ಹಾಲು ಹೋಗತೊಡಗಿತು. ಬೆಳಿಗ್ಗೆ ಐದು ಲೀಟರು. ಸಂಜೆಯದು ಮನೆಗೆ ಮತ್ತು ಕರುವಿಗೆ.

ಹಾಲು ಹೋಗುವ ರೀತಿಯನ್ನು ಇಲ್ಲೇ ಹೇಳಿಬಿಡಬೇಕು. ಸಂಘದ ಕಟ್ಟೆಗೆ ಎರಡೂವರೆ ಕಿಲೋಮೀಟರು. ಬೆಳಿಗ್ಗೆ ಆರಕ್ಕೆ ಆ ದಾರಿಯಲ್ಲಿ ಆನೆಯೂ ಇರುತ್ತದೆ. ಐದೂ ಮನೆಯ ಹೆಂಗಸರು ದಿನವೂ ಹೋಗುವ ಬದಲು ಸರದಿ ಮಾಡಿಕೊಂಡಿದ್ದಾರೆ. ದಿನಕ್ಕೊಬ್ಬಳು ಐದೂ ಕ್ಯಾನುಗಳನ್ನು ಸೈಕಲ್ ಚಕ್ರದ ಕೈಗಾಡಿಯಲ್ಲಿ ಇಟ್ಟುಕೊಂಡು ಹೋಗುತ್ತಾಳೆ. ಐದು ಜನ ಒಟ್ಟಿಗೆ ಓಡಿದರೆ ಒಬ್ಬರ ಕಾಲಿಗೆ ಒಬ್ಬರು ಸಿಕ್ಕಿ ಬೀಳುತ್ತಾರೆ, ಒಬ್ಬಳಾದರೆ ಗಾಡಿ ಬಿಟ್ಟು ಓಡಬಹುದು ಎಂಬುದು ಅವರ ಲೆಕ್ಕ. ಕ್ಯಾನಿನ ಕೊರಳಿಗೆ ಒಂದೊಂದು ಮನೆಯದು ಒಂದೊಂದು ಬಣ್ಣದ ಬಟ್ಟೆ. ಸಿದ್ದಾಜಮ್ಮನದು ಕೆಂಪು, ಪಕ್ಕದ ಮನೆಯ ಪುಷ್ಪಾಳದು ಹಳದಿ. ಅವತ್ತು ಹೋದವಳು ಐವರ ಚೀಟಿಯನ್ನೂ ತರುತ್ತಾಳೆ.

ಮೊದಲು ಸಂಘದಲ್ಲಿ ದೊಡ್ಡ ಪುಸ್ತಕ ಇತ್ತು. ಬರೆಯುವವನು ಕ್ಯಾನಿನೊಳಗೆ ಇಣುಕಿ, ಹಾಲು ನೋಡಿ, ಹಸು ಅಥವಾ ಎಮ್ಮೆ ಎಂದು ಗುರುತು ಹಾಕುತ್ತಿದ್ದ. ಕಳೆದ ವರ್ಷ ಮೇ ತಿಂಗಳಲ್ಲಿ ಪುಸ್ತಕ ಹೋಯಿತು, ಕಂಪ್ಯೂಟರಿನಲ್ಲಿ ಇಆರ್‌ಪಿ ಎಂಬ ಲೆಕ್ಕದ ತಂತ್ರಾಂಶ ಬಂತು. ಈಗ ದಿನೇಶ್‌ಕುಮಾರ್ ಎಂಬ ಹುಡುಗ ಸದಸ್ಯರ ನಂಬರು ಒತ್ತುತ್ತಾನೆ. ಸಿದ್ದಾಜಮ್ಮನದು ನೂರ ಹದಿನೇಳು. ತಕ್ಕಡಿಯಿಂದ ಲೀಟರು ತಾನಾಗಿ ಬರುತ್ತದೆ. ಪರೀಕ್ಷೆಯ ಯಂತ್ರದಿಂದ ಫ್ಯಾಟು, ಅಂದರೆ ಹಾಲಿನ ಕೊಬ್ಬು, ಮತ್ತು ಎಸ್‌ಎನ್‌ಎಫ್, ಅಂದರೆ ಕೊಬ್ಬು ಬಿಟ್ಟ ಗಟ್ಟಿ ಅಂಶ, ತಾನಾಗಿ ಬರುತ್ತವೆ. ದರಪಟ್ಟಿಯನ್ನೂ ಕಂಪ್ಯೂಟರೇ ಹುಡುಕಿ ಚೀಟಿ ಮುದ್ರಿಸುತ್ತದೆ. ಹತ್ತು ದಿನಕ್ಕೊಮ್ಮೆ ಬಟವಾಡೆ. ಒಟ್ಟು ಮೊತ್ತದಲ್ಲಿ ಹಿಂಡಿ ಬಾಕಿ, ಸಾಲದ ಕಂತು, ವಿಮೆ ಎಲ್ಲ ಹಿಡಿದುಕೊಂಡು ಉಳಿದದ್ದು ಬ್ಯಾಂಕಿಗೆ ಹೋಗುತ್ತದೆ. ಹಿಡಿಯುವುದು ಹಾಲಿನ ದುಡ್ಡಿಗಿಂತ ಹೆಚ್ಚಾದರೆ ಸದಸ್ಯನಿಗೆ ಸೊನ್ನೆ, ಕೊರತೆ ಮುಂದಿನ ಬಟವಾಡೆಗೆ ಬಾಕಿ.

ಸಿದ್ದಾಜಮ್ಮನ ಹಾಲಿನ ದುಡ್ಡು ಹತ್ತು ದಿನಕ್ಕೆ ಸಾವಿರದ ಒಂಬೈನೂರ ಅರವತ್ತು ಬರುತ್ತಿತ್ತು. ಒಂದು ಮೂಟೆ ಹಿಂಡಿಗೆ ಸಾವಿರದ ನೂರ ಐವತ್ತು, ಎಮ್ಮೆ ಸಾಲಕ್ಕೆ ಆರುನೂರು, ವಿಮೆಗೆ ಎಪ್ಪತ್ತು ಹೋಗಿ ಕೈಗೆ ನೂರ ನಲವತ್ತು ರೂಪಾಯಿ. ಹಸು ಇದ್ದಾಗಲೇ ಇದಕ್ಕಿಂತ ಹೆಚ್ಚು ಸಿಗುತ್ತಿತ್ತು. ಎಮ್ಮೆಗೆ ಮೇವು ಸಾಲದೆ ಫ್ಯಾಟು ಬರುತ್ತಿಲ್ಲ ಎಂದುಕೊಂಡಳು. ಸಂಘದಿಂದಲೇ ಸಾಲವಾಗಿ ಹತ್ತಿಬೀಜದ ಹಿಂಡಿ ತಂದು ಹಾಕಿದಳು, ಹತ್ತು ದಿನಕ್ಕೆ ನಾನೂರ ಇಪ್ಪತ್ತು ರೂಪಾಯಿಯದು. ಎಮ್ಮೆಯ ಮೈ ಮಿಂಚಿತು, ಹಾಲು ಗಟ್ಟಿಯಾಯಿತು, ಬೆಣ್ಣೆ ಬೆರಳಿಗೆ ಅಂಟಿತು. ಬಟವಾಡೆಯಲ್ಲಿ ಸೊನ್ನೆ ಬಂತು. ಕೆಳಗೆ ಇನ್ನೂರ ಎಂಬತ್ತು ಬಾಕಿ ಎಂದು ಬರೆದಿತ್ತು.

ಎಮ್ಮೆ ಮಾರಿ ಸಾಲ ತೀರಿಸೋಣ ಎಂದು ಪುಟ್ಟಯ್ಯ ಅಂದ. ಮೂರು ದಿನ ಅದನ್ನೇ ಅಂದ. ಎಮ್ಮೆ ಹೋದರೆ ಮನೆಯಲ್ಲಿ ಒಲೆ ಹಚ್ಚುವ ದುಡಿಮೆ ಇನ್ನೊಂದಿಲ್ಲ ಎಂಬುದು ಅವನಿಗೂ ಗೊತ್ತಿತ್ತು.  ಸಿದ್ದಾಜಮ್ಮನ ಸಿಟ್ಟು ಬೇರೆ ಕಡೆ ತಿರುಗಿತ್ತು. ಐದು ದಿನದಲ್ಲಿ ನಾಲ್ಕು ದಿನ ಅವಳ ಹಾಲು ಬೇರೆಯವರ ಕೈಯಲ್ಲಿ ಹೋಗುತ್ತದೆ. ದಾರಿಯಲ್ಲಿ ಯಾರೋ ಕೆಂಪು ಬಟ್ಟೆಯ ಕ್ಯಾನಿನದನ್ನು ತಮ್ಮ ಕ್ಯಾನಿಗೆ ಬಗ್ಗಿಸಿ ನೀರು ತುಂಬುತ್ತಿದ್ದಾರೆ ಎಂದು ತಲೆಗೆ ಹೊಕ್ಕಿತು. ಪುಷ್ಪಾಳ ಮೇಲೆ ಅನುಮಾನ. ಪುಷ್ಪಾ ಹೊಸ ಮಿಕ್ಸಿ ತಂದಿದ್ದಳು, ಅಷ್ಟೇ ಕಾರಣ.

ಫೆಬ್ರವರಿ ಕೊನೆಯಲ್ಲಿ ಐದು ದಿನ ಯಾರ ಸರದಿಯನ್ನೂ ಕೇಳದೆ ಸಿದ್ದಾಜಮ್ಮನೇ ಗಾಡಿ ತಳ್ಳಿಕೊಂಡು ಹೋದಳು. ಎರಡನೇ ದಿನ ಪುಷ್ಪಾ ದಾರಿಗೆ ಅಡ್ಡ ನಿಂತು, ತನ್ನ ಸರದಿ ಏಕೆ ಕಿತ್ತುಕೊಂಡೆ ಎಂದು ಕೇಳಿದಳು.

“ನನ್ನ ಹಾಲ ನಾನೇ ಕಾದ್ಕೋತೀನಿ. ಮಿಕ್ಸಿಗೆ ನೀರಾಕಿ ತಿರುಗ್ಸು ನೀನು,” ಎಂದಳು ಸಿದ್ದಾಜಮ್ಮ.

ಪುಷ್ಪಾ ದಾರಿ ಬಿಟ್ಟಳು. ಆರನೇ ದಿನ ತಾನೇ ಸಿದ್ದಾಜಮ್ಮನ ಜಗಲಿಗೆ ಬಂದು, ತನ್ನ ಚೀಟಿಗಳ ಕಂತೆಯನ್ನು ಇಟ್ಟು, ನಿಂದೂ ತಾ ಎಂದಳು. ಸಿದ್ದಾಜಮ್ಮ ಎಲ್ಲ ಚೀಟಿಗಳನ್ನೂ ತೊಲೆಗೆ ನೇತುಹಾಕಿದ ತಂತಿಗೆ ಚುಚ್ಚಿಡುತ್ತಾಳೆ. ಅಕ್ಷರ ಬರುವುದಿಲ್ಲ, ಅಂಕಿ ಬರುತ್ತದೆ. ಚೀಟಿ ತಮಿಳಿನಲ್ಲಿ ಇರುವುದರಿಂದ ಯಾವ ಅಂಕಿ ಯಾವುದಕ್ಕೆ ಎಂದು ಗೊತ್ತಿರಲಿಲ್ಲ, ಕೊನೆಯ ಮೊತ್ತ ಮಾತ್ರ ನೋಡುತ್ತಿದ್ದಳು. ಪುಷ್ಪಾ ಮಸಿನಗುಡಿಯ ಶಾಲೆಯಲ್ಲಿ ತಮಿಳು ಓದಿದವಳು. ಎರಡು ಮನೆಯ ಚೀಟಿಗಳನ್ನೂ ಅಕ್ಕಪಕ್ಕ ಹರವಿ ಓದಿದಳು.

ಪುಷ್ಪಾಳ ಹಸುವಿನ ಹಾಲಿಗೆ ಫ್ಯಾಟು ಮೂರು ಪಾಯಿಂಟ್ ಒಂಬತ್ತು ಬಂದ ದಿನ ಲೀಟರಿಗೆ ಮೂವತ್ತಮೂರು ರೂಪಾಯಿ ಎಪ್ಪತ್ತು ಪೈಸೆ. ನಾಲ್ಕು ಎರಡು ಬಂದ ದಿನ ಮೂವತ್ತೈದು ಇಪ್ಪತ್ತು. ನಾಲ್ಕು ನಾಲ್ಕಕ್ಕೆ ಮೂವತ್ತಾರು ಇಪ್ಪತ್ತು. ಫ್ಯಾಟು ಏರಿದಂತೆ ದರವೂ ಏರಿದೆ. ಸಿದ್ದಾಜಮ್ಮನದಕ್ಕೆ ಆಗಸ್ಟಿನಲ್ಲಿ ಫ್ಯಾಟು ಆರು ನಾಲ್ಕು, ದರ ಮೂವತ್ತೊಂಬತ್ತು ಇಪ್ಪತ್ತು. ನವೆಂಬರಿನಲ್ಲಿ ಆರು ಒಂಬತ್ತು, ದರ ಮೂವತ್ತೊಂಬತ್ತು ಇಪ್ಪತ್ತು. ಹತ್ತಿಬೀಜದ ಹಿಂಡಿ ಹಾಕಿದ ಮೇಲೆ ಏಳು ಮೂರು, ದರ ಅದೇ ಮೂವತ್ತೊಂಬತ್ತು ಇಪ್ಪತ್ತು. ಇನ್ನೂರಕ್ಕೂ ಹೆಚ್ಚು ಚೀಟಿಯಲ್ಲಿ ಆ ಅಂಕಿ ಒಂದು ಪೈಸೆ ಅಲ್ಲಾಡಿಲ್ಲ.

“ನೀರಾಕಿದ್ರೆ ಫ್ಯಾಟು ಏಳು ಬರ್ತಿತ್ತಾ ಅಕ್ಕಾ?” ಪುಷ್ಪಾ ಕೇಳಿದಳು. “ನಿನ್ ಹಾಲು ಚೆಂದಾಗದೆ. ರೇಟು ಸತ್ತೋಗದೆ.”

ಸಿದ್ದಾಜಮ್ಮ ತಪ್ಪಾಯಿತು ಎನ್ನಲಿಲ್ಲ. ಮುಂದಿನ ಎರಡು ಸರದಿ ಪುಷ್ಪಾಳ ಬದಲು ತಾನೇ ಹೋದಳು. ಹಾಡಿಯಲ್ಲಿ ಕ್ಷಮೆ ಕೇಳುವುದೆಂದರೆ ಅದೇ.

ಮಾರ್ಚ್ ಮೊದಲ ವಾರ ಇಬ್ಬರೂ ತಂತಿಯ ಸಮೇತ ಸಂಘಕ್ಕೆ ಹೋದರು. ಕಾರ್ಯದರ್ಶಿ ಧರ್ಮಲಿಂಗಂ ಇಪ್ಪತ್ತು ವರ್ಷದಿಂದ ಅದೇ ಕುರ್ಚಿಯಲ್ಲಿ ಇದ್ದಾನೆ. ಕದಿಯುವವನಲ್ಲ. ತೊಂದರೆ ಬೇಡವೆನ್ನುವವನು, ಅದು ಕೆಲವೊಮ್ಮೆ ಕದಿಯುವುದಕ್ಕಿಂತ ದುಬಾರಿ. ಮೊದಲು, ಯಂತ್ರ ತಪ್ಪು ಮಾಡುವುದಿಲ್ಲ ಎಂದ. ಆಮೇಲೆ ದಿನೇಶ್‌ಕುಮಾರನನ್ನು ಕರೆದು ನೂರ ಹದಿನೇಳು ತೆಗೆಸಿದ. ಪರದೆಯ ಮೇಲೆ ಹಾಲಿನ ಜಾತಿ ಎಂಬ ಜಾಗದಲ್ಲಿ ‘ಹಸು’ ಎಂದಿತ್ತು.

ಮೇ ತಿಂಗಳಲ್ಲಿ ಪುಸ್ತಕದಿಂದ ಕಂಪ್ಯೂಟರಿಗೆ ಹೆಸರು ಏರಿಸಿದಾಗ ಅವಳು ಹಾಕುತ್ತಿದ್ದದ್ದು ಹಸುವಿನ ಹಾಲು. ಅದೇ ಅವಳ ನಂಬರಿಗೆ ಅಂಟಿಕೊಂಡಿತು. ನಂಬರು ಒತ್ತಿದ ಕೂಡಲೇ ಕಂಪ್ಯೂಟರು ಹಸುವಿನ ದರಪಟ್ಟಿ ತೆರೆಯುತ್ತದೆ. ಆ ಪಟ್ಟಿ ಫ್ಯಾಟು ಐದಕ್ಕೆ ಮುಗಿಯುತ್ತದೆ. ಅದಕ್ಕಿಂತ ಎಷ್ಟೇ ಹೆಚ್ಚು ಬಂದರೂ ಐದರ ದರವೇ. ಎಮ್ಮೆಯ ಪಟ್ಟಿ ಬೇರೆ: ಎಸ್‌ಎನ್‌ಎಫ್ ಒಂಬತ್ತಕ್ಕಿಂತ ಇಳಿಯದಿದ್ದರೆ ಫ್ಯಾಟಿನ ಶೇಕಡಾ ಒಂದೊಂದಕ್ಕೂ ಲೀಟರಿಗೆ ಏಳು ಅರವತ್ತು. ಏಳು ಮೂರಕ್ಕೆ ಐವತ್ತೈದು ರೂಪಾಯಿ ನಲವತ್ತೆಂಟು ಪೈಸೆ. ಅವಳ ಹಾಲಿನ ಎಸ್‌ಎನ್‌ಎಫ್ ಒಂದು ದಿನವೂ ಒಂಬತ್ತಕ್ಕಿಂತ ಇಳಿದಿರಲಿಲ್ಲ.

ಎಮ್ಮೆ ಹಾಲು ಹೋದ ಮೊದಲ ದಿನ ಸರದಿ ಸಿದ್ದಾಜಮ್ಮನದಾಗಿರಲಿಲ್ಲ. ಕ್ಯಾನು ತಂದವಳಿಗೆ ಹೇಳಬೇಕೆಂದು ಗೊತ್ತಿರಲಿಲ್ಲ, ಎಮ್ಮೆ ಕೊಡಿಸಿದ್ದೇ ಸಂಘವಾದ್ದರಿಂದ ಆಮೇಲೆ ಸಿದ್ದಾಜಮ್ಮನಿಗೂ ಹೊಳೆಯಲಿಲ್ಲ. ದಿನೇಶ್‌ಕುಮಾರ್ ಕ್ಯಾನಿನೊಳಗೆ ಇಣುಕುವುದನ್ನು ಬಿಟ್ಟಿದ್ದ. ಫ್ಯಾಟು ಮಿತಿ ಮೀರಿದೆ ಎಂದು ಪರದೆಯ ಮೇಲೆ ಹಳದಿ ಪಟ್ಟಿ ದಿನವೂ ಬಂದಿತ್ತಂತೆ. ಏಳೂಕಾಲಕ್ಕೆ ಹಾಲಿನ ವ್ಯಾನು ಹೊರಡುತ್ತದೆ, ಐದು ಕ್ಯಾನು ಒಟ್ಟಿಗೆ ಬಂದು ಕೂತಿರುತ್ತವೆ, ಅವನು ಎಂಟರ್ ಒತ್ತುತ್ತಾ ಹೋಗಿದ್ದ. ಹುಡುಗ ಅದನ್ನು ತಾನೇ ಒಪ್ಪಿಕೊಂಡ. ಅಷ್ಟು ಮರ್ಯಾದೆ ಅವನಿಗೆ ಸಲ್ಲಬೇಕು.

ಧರ್ಮಲಿಂಗಂ ಕೈಚೆಲ್ಲಿದ. ನೀವೇ ಬಂದು ತಿಳಿಸಬೇಕಿತ್ತು, ನಿಮ್ಮ ಕೊಟ್ಟಿಗೆಯಲ್ಲಿ ಹಸು ಇದೆಯೋ ಎಮ್ಮೆ ಇದೆಯೋ ಸಂಘಕ್ಕೆ ಹೇಗೆ ಗೊತ್ತಾಗಬೇಕು ಎಂದ.

ಸಿದ್ದಾಜಮ್ಮ ಬಟವಾಡೆಯ ಚೀಟಿಯೊಂದನ್ನು ತೆಗೆದು ಪುಷ್ಪಾಳ ಕೈಗೆ ಕೊಟ್ಟು, ಹಿಡಿದುಕೊಂಡಿರುವ ಸಾಲುಗಳನ್ನು ಗಟ್ಟಿಯಾಗಿ ಓದು ಎಂದಳು. ಪುಷ್ಪಾ ಓದಿದಳು: ಎಮ್ಮೆ ಸಾಲದ ಕಂತು, ಆರುನೂರು. ಎಮ್ಮೆ ವಿಮೆ, ಎಪ್ಪತ್ತು. ಪಕ್ಕದಲ್ಲಿ ಎಮ್ಮೆಯ ಕಿವಿಯೋಲೆಯ ನಂಬರು ಕೂಡ ಇತ್ತು.

“ಕೇಳುಸ್ತಾ ಸಾರು?” ಎಂದಳು ಸಿದ್ದಾಜಮ್ಮ. “ದುಡ್ಡ ಹಿಡ್ಕೊಳಾಗ ನನ್ ಕೊಟ್ಟಿಗೇಲಿ ಎಮ್ಮೆ ಅದೆ. ದುಡ್ಡ ಕೊಡಾಗ ಹಸ ಆಗ್ಬುಡ್ತದೆ. ಅದೇನ್ ಮಾಟ ಕಲ್ತೀರಿ ನೀವು?”

ಹಾಲು ಹಾಕಲು ಸಾಲಿನಲ್ಲಿ ನಿಂತಿದ್ದವರು ನಕ್ಕರು. ಧರ್ಮಲಿಂಗಂ ನಗಲಿಲ್ಲ. ಕಡಿತದ ಪುಟ ಬೇರೆ, ಹಾಲಿನ ಪುಟ ಬೇರೆ, ಒಂದಕ್ಕೊಂದು ಮಾತಾಡುವುದಿಲ್ಲ ಎಂದು ವಿವರಿಸಲು ಹೋದ. ಎರಡೂ ನಿಮ್ಮ ಕಂಪ್ಯೂಟರೇ ತಾನೇ ಎಂದು ಪುಷ್ಪಾ ಕೇಳಿದಳು. ಅವನು ಗೂಡಲೂರಿಗೆ ಫೋನು ಮಾಡಿದ.

ಮೂರನೇ ದಿನ ಗೂಡಲೂರಿನಿಂದ ಸಿಂಧುಜಾ ಬಂದಳು. ಏಳೆಂಟು ಸಂಘಗಳ ಕಂಪ್ಯೂಟರು ನೋಡಿಕೊಳ್ಳುವ ಹುಡುಗಿ. ಮಾತು ಕಡಿಮೆ, ಬೆರಳು ಚುರುಕು. ನೂರ ಹದಿನೇಳರ ಜಾತಿಯನ್ನು, ಬಟವಾಡೆ ಇನ್ನೂ ಮುಗಿಯದ ಮಾರ್ಚ್ ಒಂದರಿಂದ, ಎಮ್ಮೆ ಎಂದು ಬದಲಿಸಿದಳು. ಮರುದಿನ ಬೆಳಿಗ್ಗೆ ಚೀಟಿಯಲ್ಲಿ ದರ ಐವತ್ತೈದು ದಾಟಿತು. ಮುಂದಿನದು ಸರಿಯಾಯಿತು. ಹಿಂದಿನದು?

ಹಿಂದಿನ ಬಟವಾಡೆಗಳೆಲ್ಲ ಮುಗಿದು ಬೀಗ ಬಿದ್ದಿವೆ, ತೆರೆಯಲು ಬರುವುದಿಲ್ಲ ಎಂದ ಧರ್ಮಲಿಂಗಂ. ನಿಜ, ತೆರೆಯಬಾರದು, ತೆರೆಯುವುದೂ ಬೇಡ ಎಂದಳು ಸಿಂಧುಜಾ. ಆಗಸ್ಟಿನಿಂದ ಫೆಬ್ರವರಿವರೆಗೆ ಇಪ್ಪತ್ತೊಂದು ಬಟವಾಡೆ, ಸಾವಿರದ ನಲವತ್ತೆರಡು ಲೀಟರು. ದಿನದಿನದ ಫ್ಯಾಟು ಕಂಪ್ಯೂಟರಿನಲ್ಲೇ ಇದೆ. ಪ್ರತಿ ದಿನಕ್ಕೂ ಎಮ್ಮೆಯ ದರ ಹಾಕಿ, ಕೊಟ್ಟದ್ದನ್ನು ಕಳೆದು, ಬಂದ ವ್ಯತ್ಯಾಸವನ್ನು ಮುಂದಿನ ಬಟವಾಡೆಯಲ್ಲಿ ಒಂದು ಸಾಲಾಗಿ ಸೇರಿಸಿದರೆ ಸಾಕು. ಅದಕ್ಕೆ ಆಡಳಿತ ಮಂಡಳಿಯ ಠರಾವು ಬೇಕು. ಅವಳು ಅಲ್ಲೇ ಲೆಕ್ಕ ತೆಗೆದಳು. ಮೇಲೆ ಹೇಳಿದ ಮೊತ್ತ ಹುಟ್ಟಿದ್ದು ಹಾಗೆ.

ಅವಳು ಇನ್ನೊಂದು ಕೆಲಸ ಮಾಡಿದಳು, ಯಾರೂ ಕೇಳದೆ. ಹಸುವಿನ ಪಟ್ಟಿಯಲ್ಲಿದ್ದು ತಿಂಗಳುಗಟ್ಟಲೆ ಫ್ಯಾಟು ಐದು ದಾಟಿದ ಸದಸ್ಯರು ಯಾರೆಂದು ಪಟ್ಟಿ ತೆಗೆದಳು. ಸಿದ್ದಾಜಮ್ಮ ಬಿಟ್ಟು ಇನ್ನೂ ಹನ್ನೊಂದು ಜನ. ಹನ್ನೆರಡು ಜನರದೂ ಸೇರಿ ಒಂದು ಲಕ್ಷದ ಮೂವತ್ತೆಂಟು ಸಾವಿರ. ಆ ಕಾಗದ ಧರ್ಮಲಿಂಗಂನ ಮೇಜಿನ ಡ್ರಾಯರಿಗೆ ಹೋಯಿತು. ಅದಕ್ಕೆ ಮೊದಲು ಪುಷ್ಪಾ ಓದಿಕೊಂಡಿದ್ದಳು.

ಸಂಘದ ಅಧ್ಯಕ್ಷ ರಾಜೇಂದ್ರನ್ ಎರಡು ವಾರ ಬಿಟ್ಟು ಜೀಪಿನಲ್ಲಿ ಸೀಗೆಹಳ್ಳಕ್ಕೇ ಬಂದ. ಹಾಡಿಗೆ ಅಧ್ಯಕ್ಷ ಬರುವುದು ಚುನಾವಣೆಯಲ್ಲಿ ಮಾತ್ರ. ಜಗಲಿಯಲ್ಲಿ ಕೂತು ಚಹಾ ಕುಡಿದ, ಎಮ್ಮೆ ನೋಡಿದ, ಒಳ್ಳೆಯ ಎಮ್ಮೆ ಎಂದ. ಸಿದ್ದಾಜಮ್ಮನ ದುಡ್ಡು ನ್ಯಾಯವಾದದ್ದು, ಎರಡು ಕಂತಿನಲ್ಲಿ ಮೇವಿನ ನೆರವು ಎಂಬ ಲೆಕ್ಕದಲ್ಲಿ ಕೊಟ್ಟುಬಿಡೋಣ, ಠರಾವು ಗಿರಾವು ಬೇಡ ಎಂದ. ಬದಲಿಗೆ ಒಂದೇ ಒಂದು ಮಾತು: ಆ ಪಟ್ಟಿಯ ವಿಷಯ ಎಲ್ಲೂ ಆಡಬಾರದು. ಎಲ್ಲರಿಗೂ ಕೊಡಲು ಹೋದರೆ ಸಂಘ ಮುಳುಗುತ್ತದೆ.

ಪುಟ್ಟಯ್ಯ ಹೆಂಡತಿಯ ಮುಖ ನೋಡಿದ. ಅವರ ಮನೆಯಲ್ಲಿ ಅಷ್ಟು ದುಡ್ಡು ಒಟ್ಟಿಗೆ ನೋಡಿ ವರ್ಷಗಳೇ ಆಗಿದ್ದವು. ಅವತ್ತಿಗೂ ಅಂಗಡಿಯಲ್ಲಿ ಅಕ್ಕಿ ಬಾಕಿ ಇತ್ತು.

ಸಿದ್ದಾಜಮ್ಮ ಒಂದು ಪ್ರಶ್ನೆ ಕೇಳಿದಳು. ಸಂಘದಿಂದ ಹಾಲು ತಕ್ಕೊಂಡು ಹೋಗುವ ಒಕ್ಕೂಟದವರು ತಂಪು ಘಟಕದಲ್ಲಿ ಫ್ಯಾಟು ನೋಡಿ ದುಡ್ಡು ಕೊಡುತ್ತಾರೋ ಇಲ್ಲವೋ? ನೋಡುತ್ತಾರೆ ಎಂದ ರಾಜೇಂದ್ರನ್. ಹಾಗಾದರೆ ನನ್ನ ಎಮ್ಮೆಯ ಫ್ಯಾಟಿಗೆ ಸಂಘಕ್ಕೆ ದುಡ್ಡು ಬಂದಿದೆ, ಮುಳುಗುವುದು ಎಲ್ಲಿಂದ ಎಂದಳು. ರಾಜೇಂದ್ರನ್ ಚಹಾದ ಲೋಟವನ್ನು ಕೆಳಗಿಟ್ಟ.

“ಅಮ್ಮಾ, ನಿಮ್ಮದು ಬಂದರೆ ಸಾಕಲ್ಲ. ಊರವರದ್ದು ನಿಮಗೆ ಯಾಕೆ?”

“ನಂದೊಂದೇ ಎಮ್ಮೆನಾ ಸಾಮಿ?” ಎಂದಳು ಅವಳು. “ನೀವು ಕದ್ದು ಕೊಟ್ರೆ ನಾನು ಕದ್ದು ಇಸ್ಕೊಂಡಂಗೆ ಆಯ್ತದೆ. ನಾನು ಹಾಲು ಹಾಕಿವ್ನಿ. ಹನ್ನೆರಡು ಹೆಸ್ರನ್ನೂ ಸಭೇಲಿ ಓದಿ ಕೊಡಿ. ಅಲ್ಲಿವರ್ಗೂ ನಿಮ್ಮ ನೆರವು ನಿಮ್ಮತ್ರವೇ ಇರ್ಲಿ.”

ಜೀಪು ಹೋದ ಮೇಲೆ ಪುಟ್ಟಯ್ಯ ಗೋಡೆ ಕಡೆ ತಿರುಗಿ ಮಲಗಿದ. ಸಂಜೆ ತಾನಾಗಿ ಎದ್ದು ಎಮ್ಮೆಗೆ ನೀರು ತೋರಿಸಿದ. ಸಿದ್ದಾಜಮ್ಮ ಹತ್ತಿಬೀಜದ ಹಿಂಡಿ ನಿಲ್ಲಿಸಿದಳು. ದರ ಸರಿಯಾದ ಮೇಲೆ ಬರುವುದರಲ್ಲಿ ಬಾಕಿ ತೀರಿಸುತ್ತಾ, ಅಂಗಡಿಗೆ ಸ್ವಲ್ಪ ಸ್ವಲ್ಪ ಕೊಡುತ್ತಾ ಬಂದಳು. ಈ ಬಿಗುಮಾನಕ್ಕೆ ಬೆಲೆ ತೆತ್ತಳು. ಜೂನ್‌ನಲ್ಲಿ ಕಾಲು ಉಳುಕಿದಾಗ ಊಟಿಯ ಆಸ್ಪತ್ರೆಗೆ ಹೋಗಲು ಕೈಯಲ್ಲಿ ಬಸ್ಸಿನ ದುಡ್ಡೂ ಇರಲಿಲ್ಲ. ಪುಷ್ಪಾ ಎಣ್ಣೆ ಹಚ್ಚಿ ತಿಕ್ಕಿದಳು. ಹದಿನೈದು ದಿನ ಸಿದ್ದಾಜಮ್ಮನ ಸರದಿಯನ್ನು ಉಳಿದ ನಾಲ್ವರು ಹಂಚಿಕೊಂಡರು.

ಮಾರ್ಚ್‌ನಿಂದ ಈವರೆಗೆ ಆಡಳಿತ ಮಂಡಳಿ ಆರು ಸಲ ಸೇರಿದೆ. ಆರು ಸಲವೂ ಸಿದ್ದಾಜಮ್ಮ ಬಾಗಿಲಲ್ಲಿ ಕೂತಿದ್ದಾಳೆ. ಆರು ಸಲವೂ ಹೊತ್ತಾಯಿತು, ಮುಂದಿನ ಸಲ ನೋಡೋಣ ಎಂದಿದ್ದಾರೆ. ನಡುವೆ ಅವಳು ಮತ್ತು ಪುಷ್ಪಾ ಆ ಹನ್ನೊಂದು ಮನೆಗಳಿಗೂ ನಡೆದರು. ಇಬ್ಬರು ಚೀಟಿ ಒಲೆಗೆ ಹಾಕಿಬಿಟ್ಟಿದ್ದರು. ಒಬ್ಬ, ಅಧ್ಯಕ್ಷರ ಎದುರು ಹಾಕಿಕೊಳ್ಳಲು ನನ್ನಿಂದಾಗದು ಎಂದ. ಎಂಟು ಜನ ಅರ್ಜಿಗೆ ಸಹಿ ಹಾಕಿದರು, ಹೆಬ್ಬೆಟ್ಟು ಒತ್ತಿದರು.

ಈಗ ಮಹಾಸಭೆಯ ನೋಟಿಸು ಬಂದಿದೆ. ಜೊತೆಗೆ ಲೆಕ್ಕಪತ್ರ. ಸಂಘಕ್ಕೆ ಕಳೆದ ವರ್ಷ ಎರಡು ಲಕ್ಷ ಹನ್ನೊಂದು ಸಾವಿರ ಲಾಭ, ಹಿಂದೆಂದೂ ಕಾಣದ ಲಾಭ ಎಂದು ದಪ್ಪ ಅಕ್ಷರದಲ್ಲಿ ಹೊಗಳಿಕೊಂಡಿದ್ದಾರೆ. ಅದರಲ್ಲಿ ಒಂದು ಲಕ್ಷದ ಮೂವತ್ತೆಂಟು ಸಾವಿರ ಹನ್ನೆರಡು ಕೊಟ್ಟಿಗೆಯ ಎಮ್ಮೆಗಳ ಕೊಬ್ಬು. ಲೆಕ್ಕಪತ್ರಕ್ಕೆ ಸಭೆ ಒಪ್ಪಿಗೆ ಕೊಟ್ಟರೆ ಆ ದುಡ್ಡು ಕಾಗದದಲ್ಲಿ ಲಾಭವಾಗಿಯೇ ಗಟ್ಟಿಯಾಗುತ್ತದೆ, ಬಾಕಿಯಾಗಿ ಎಲ್ಲೂ ಕಾಣುವುದಿಲ್ಲ.

ಸಭೆ ಹೇಗೆ ನಡೆಯುತ್ತದೆಂದು ಸಂಘದ ಸದಸ್ಯರಾದ ನಿಮಗೆ ಗೊತ್ತು, ನಾವೆಲ್ಲ ನಡೆಸಿಕೊಟ್ಟವರೇ. ಧರ್ಮಲಿಂಗಂ ಗಡಿಬಿಡಿಯಲ್ಲಿ ಓದುತ್ತಾನೆ. ಹಿಂದಿನಿಂದ ಪಲಾವಿನ ವಾಸನೆ ಬರುತ್ತದೆ. ಕೈ ಎತ್ತಿ ಎಂದಾಗ ಎತ್ತುತ್ತೇವೆ, ಸಂಘ ಕೊಡುವ ಸ್ಟೀಲ್ ಡಬ್ಬಿ ಇಸಿದುಕೊಂಡು ಮನೆಗೆ ಬರುತ್ತೇವೆ.

ಈ ಸಲ ಬೇಡ. ಬರುವ ಭಾನುವಾರ ಹನ್ನೊಂದು ಗಂಟೆಗೆ ಬನ್ನಿ, ನಿಮ್ಮ ಚೀಟಿಗಳ ಸಮೇತ ಬನ್ನಿ. ಫ್ಯಾಟು ಬದಲಾದಾಗ ದರ ಬದಲಾಗಿದೆಯೇ ಎಂದು ಇವತ್ತೇ ಮನೆಯಲ್ಲಿ ನೋಡಿ. ಓದಲು ಬಾರದಿದ್ದರೆ ಪುಷ್ಪಾ ಒಂಬತ್ತಕ್ಕೇ ಕಟ್ಟೆಯ ಮೇಲೆ ಕೂತಿರುತ್ತಾಳೆ, ಓದಿ ಹೇಳುತ್ತಾಳೆ. ಲೆಕ್ಕಪತ್ರಕ್ಕೆ ಒಪ್ಪಿಗೆ ಕೇಳಿದಾಗ ಕೈಯನ್ನು ಮಡಿಲಲ್ಲೇ ಇಟ್ಟುಕೊಳ್ಳಿ. ವ್ಯತ್ಯಾಸದ ಠರಾವನ್ನು ಮೊದಲು ಓದಿ ಎಂದು ಸಿದ್ದಾಜಮ್ಮ ಎದ್ದು ನಿಲ್ಲುತ್ತಾಳೆ. ಅವಳು ಒಬ್ಬಳೇ ನಿಂತರೆ ಕೂರಿಸುತ್ತಾರೆ. ನೀವು ಹಸು ಕಟ್ಟಿದವರಾಗಲಿ, ಎಮ್ಮೆ ಕಟ್ಟಿದವರಾಗಲಿ, ಆ ಹೊತ್ತಿಗೆ ಎದ್ದು ನಿಲ್ಲುತ್ತೀರಾ ಇಲ್ಲವಾ, ಅದನ್ನು ಈಗಲೇ ಹೇಳಿ.